ಎಣ್ಣೆ ಮಿಲ್ ಲೆಕ್ಕದಲ್ಲಿ ನಿಜವಾದ ಅಪಾಯ ಎಲ್ಲಿದೆ?

ಪ್ರಶ್ನೆ: ಸರ್, ನಮ್ಮದು ತಿಪಟೂರು ತಾಲ್ಲೂಕು. ಕೊಬ್ಬರಿ ಎಣ್ಣೆ ಮಿಲ್ ಹಾಕೋಣ ಅಂತಿದ್ದೇನೆ. ಶೆಡ್, ಯಂತ್ರಕ್ಕೆ 40 ಲಕ್ಷ (ಅದರಲ್ಲಿ 30 ಲಕ್ಷ ಬ್ಯಾಂಕ್ ಸಾಲ, ಶೇ. 11 ಬಡ್ಡಿ, 5 ವರ್ಷ), ಸರಕಿಗೆ ಮತ್ತು ಅಂಗಡಿಗಳಿಗೆ ಕೊಡುವ ಉದ್ರಿಗೆ ಕೈಯಿಂದ 20 ಲಕ್ಷ. ರಿಪೋರ್ಟ್ ಪ್ರಕಾರ ವರ್ಷಕ್ಕೆ 13 ಲಕ್ಷ ಉಳಿಯುತ್ತೆ, ಶೇ. 12 ದರಕ್ಕೆ ಎನ್‌ಪಿವಿ 20 ಲಕ್ಷ. ಆದರೆ ಸೆನ್ಸಿಟಿವಿಟಿ ಅನ್ನೋ ಪುಟದಲ್ಲಿ ಎಣ್ಣೆ ಬೆಲೆ ಶೇ. 10 ಇಳಿದರೆ ಎನ್‌ಪಿವಿ ಮೈನಸ್ 1 ಕೋಟಿ 77 ಲಕ್ಷ ಅಂತಿದೆ. ಕರೆಂಟ್ ಶೇ. 10 ಏರಿದರೆ ಏನೂ ಆಗಲ್ಲ ಅಂತಿದೆ. ಇದನ್ನು ನೋಡಿ ಮನೆಯಲ್ಲಿ ಎಲ್ಲರೂ ಹೆದರಿದ್ದಾರೆ. ಹಾಕಲಾ, ಬೇಡವಾ?

ಉತ್ತರ: ಆ 1 ಕೋಟಿ 77 ಲಕ್ಷದ ಅಂಕಿಗೆ ಹೆದರಬೇಡಿ. ಎನ್‌ಪಿವಿ ಅಂದರೆ ಮುಂದಿನ ವರ್ಷಗಳ ಉಳಿಕೆಯನ್ನೆಲ್ಲ ಇಂದಿನ ಬೆಲೆಗೆ ಇಳಿಸಿ ಕೂಡಿಸಿ, ಹಾಕಿದ ಬಂಡವಾಳವನ್ನು ಕಳೆದ ಮೇಲೆ ಸಿಗುವ ಮೊತ್ತ. ಗುಣಾಕಾರ ಸರಿಯಾಗಿಯೇ ಇದೆ, ಆದರೆ ಅದು ಹೇಳುವ ಪರಿಸ್ಥಿತಿ ಬರುವುದಿಲ್ಲ. ನಿಮ್ಮ ಯೋಜನೆಯಲ್ಲಿ ಅಪಾಯ ಇದೆ, ಆದರೆ ಅದು ಇರುವುದು ಬೇರೆ ಕಡೆ. ರಿಪೋರ್ಟ್‌ನ ಆ ಪುಟ ಅದನ್ನು ತೋರಿಸಿಲ್ಲ. ನೀವು ಜೊತೆಗೆ ಕಳಿಸಿದ ರಿಪೋರ್ಟ್‌ನ ಅಂಕಿಗಳನ್ನೇ ಹಿಡಿದು ನೋಡೋಣ.

ಮೊದಲು ಒಂದು ಕ್ವಿಂಟಲ್ ಕೊಬ್ಬರಿಯ ಲೆಕ್ಕ. ಕೊಬ್ಬರಿ ಕೆಜಿಗೆ 140 ರೂಪಾಯಿಯಂತೆ ಕೊಂಡರೆ ಕ್ವಿಂಟಲ್‌ಗೆ 14,000. ಅದರಿಂದ 62 ಕೆಜಿ ಎಣ್ಣೆ ಬರುತ್ತದೆ, ಕೆಜಿಗೆ 225ರಂತೆ 13,950. ಹಿಂಡಿ 35 ಕೆಜಿ, 30 ರೂಪಾಯಿಯಂತೆ 1,050. ಒಟ್ಟು 15,000. ಅಂದರೆ ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರ ಕ್ವಿಂಟಲ್‌ಗೆ 1,000 ರೂಪಾಯಿ. ಇದರಲ್ಲಿ ಕರೆಂಟ್, ಫಿಲ್ಟರ್ ಬಟ್ಟೆ, ಪ್ಯಾಕಿಂಗ್, ಸಾಗಾಟಕ್ಕೆ 160 ಹೋಗುತ್ತದೆ. ವರ್ಷಕ್ಕೆ 2,500 ಕ್ವಿಂಟಲ್ ಅರೆದರೆ ಉಳಿಯುವುದು 21 ಲಕ್ಷ. ಕೆಲಸಗಾರರ ಸಂಬಳ, ರಿಪೇರಿ, ವಿಮೆಗೆ 8 ಲಕ್ಷ ಕಳೆದರೆ 13 ಲಕ್ಷ. 10 ವರ್ಷ ಹೀಗೇ ನಡೆದು, ಕೊನೆಗೆ ಆ 20 ಲಕ್ಷ ದುಡಿಯುವ ಬಂಡವಾಳ ವಾಪಸ್ ಬಂದರೆ ಎನ್‌ಪಿವಿ 19.9 ಲಕ್ಷ. ತೆರಿಗೆ ಇದರಲ್ಲಿ ಸೇರಿಲ್ಲ. ಸಾಲದ ಬಡ್ಡಿಯೂ ಸೇರಿಲ್ಲ, ಸೇರಿಸಲೂ ಬಾರದು. ಶೇ. 12ರ ದರದಲ್ಲೇ ಹಣದ ಖರ್ಚು ಬಂದುಬಿಟ್ಟಿದೆ. ಬಡ್ಡಿಯನ್ನು ಮತ್ತೆ ಕಳೆದರೆ ಎರಡು ಸಲ ಕಳೆದಂತಾಗುತ್ತದೆ.

ಈಗ ಆ ಭಯದ ಅಂಕಿಗೆ ಬರೋಣ. ಎಣ್ಣೆ ಬೆಲೆ ಶೇ. 10 ಇಳಿದರೆ ಕ್ವಿಂಟಲ್‌ಗೆ 1,395 ರೂಪಾಯಿ ಕಡಿಮೆ ಬರುತ್ತದೆ. ನಿಮ್ಮ ಅಂತರವೇ 1,000. ಹಾಗಾಗಿ ಪ್ರತಿ ಕ್ವಿಂಟಲ್ ಅರೆದಾಗಲೂ ನಷ್ಟ. ಅದನ್ನು 2,500 ಕ್ವಿಂಟಲ್‌ಗೆ ಗುಣಿಸಿ, 10 ವರ್ಷಕ್ಕೆ ಹಿಗ್ಗಿಸಿದರೆ 1 ಕೋಟಿ 77 ಲಕ್ಷ ಮೈನಸ್. ಇದರಲ್ಲಿ ಎರಡು ತಪ್ಪುಗಳಿವೆ. ಒಂದು, ಹಾಕಿದ್ದೇ 60 ಲಕ್ಷ ಇರುವಾಗ ಯಾರೂ 10 ವರ್ಷ ಸುಮ್ನೆ ನಷ್ಟಕ್ಕೆ ಅರೆಯುತ್ತಾ ಕೂರುವುದಿಲ್ಲ. ಕೆಲವೇ ವಾರಗಳಲ್ಲಿ ಮಿಲ್ ನಿಲ್ಲಿಸುತ್ತಾರೆ. ಎರಡನೆಯದು ಇನ್ನೂ ದೊಡ್ಡ ತಪ್ಪು. ಎಣ್ಣೆ ಬೆಲೆ ಶೇ. 10 ಇಳಿದು ಕೊಬ್ಬರಿ ಬೆಲೆ ಇದ್ದಲ್ಲೇ ಇರುತ್ತದೆ ಎಂದು ಆ ಪುಟ ಊಹಿಸಿದೆ. ಕೊಬ್ಬರಿ, ಎಣ್ಣೆ ಎರಡೂ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ಮಧ್ಯೆ ಕೆಲವು ವಾರ ಹಿಂದೆ ಮುಂದೆ ಆಗಬಹುದು, ಅಷ್ಟೇ. ನಷ್ಟಕ್ಕೆ ಅರೆಯಬೇಕಾದಾಗ ಎಲ್ಲ ಮಿಲ್‌ನವರೂ ಕೊಳ್ಳುವುದನ್ನು ಕಡಿಮೆ ಮಾಡುತ್ತಾರೆ, ಆಗ ಕೊಬ್ಬರಿಯೂ ಇಳಿಯುತ್ತದೆ.

ಎಣ್ಣೆ, ಹಿಂಡಿ, ಕೊಬ್ಬರಿ ಎಲ್ಲವನ್ನೂ ಒಟ್ಟಿಗೆ ಶೇ. 10 ಏರಿಸಿ ನೋಡಿ. ಅಂತರ 1,100 ಆಗುತ್ತದೆ. ದುಡಿಯುವ ಬಂಡವಾಳಕ್ಕೆ ಇನ್ನೂ 2 ಲಕ್ಷ ಬೇಕಾಗುತ್ತದೆ. ಅದನ್ನು ಕಳೆದ ಮೇಲೂ ಎನ್‌ಪಿವಿ ಸುಮಾರು 33 ಲಕ್ಷ. ಎಲ್ಲವನ್ನೂ ಒಟ್ಟಿಗೆ ಶೇ. 10 ಇಳಿಸಿದರೂ ಅದು ಸುಮಾರು 7 ಲಕ್ಷ ಪ್ಲಸ್. ಅದೇ ಶೇ. 10ರ ಇಳಿಕೆಗೆ ಒಂದು ಕಡೆ ಮೈನಸ್ 177 ಲಕ್ಷ, ಇನ್ನೊಂದು ಕಡೆ ಪ್ಲಸ್ 7 ಲಕ್ಷ. ಒಟ್ಟಿಗೆ ಚಲಿಸುವ ಎರಡು ಬೆಲೆಗಳನ್ನು ಬೇರೆ ಬೇರೆಯಾಗಿ ಅಲ್ಲಾಡಿಸಿದರೆ ಸೆನ್ಸಿಟಿವಿಟಿ ಪರೀಕ್ಷೆ ಇಂಥ ಅರ್ಥವಿಲ್ಲದ ಉತ್ತರ ಕೊಡುತ್ತದೆ. ಎಣ್ಣೆ ಮಿಲ್, ಅಕ್ಕಿ ಗಿರಣಿ, ಬೇಳೆ ಮಿಲ್, ಇವೆಲ್ಲದರಲ್ಲೂ ಅಲ್ಲಾಡಿಸಬೇಕಾದದ್ದು ಬೆಲೆಯನ್ನಲ್ಲ, ಅಂತರವನ್ನು.

ಇನ್ನು ಸರಿಯಾದ ಪರೀಕ್ಷೆ ಮಾಡೋಣ. ನಾನು ಮೊದಲು ಕೇಳುವ ಪ್ರಶ್ನೆ, ವರ್ಷದ ಉಳಿಕೆ ಎಷ್ಟಕ್ಕೆ ಇಳಿದರೆ ಎನ್‌ಪಿವಿ ಸೊನ್ನೆ ಆಗುತ್ತದೆ? ನಿಮ್ಮ ಲೆಕ್ಕದಲ್ಲಿ ಅದು ಸುಮಾರು 9.5 ಲಕ್ಷ. 13 ಲಕ್ಷದಿಂದ ಅಲ್ಲಿಗೆ ಮೂರೂವರೆ ಲಕ್ಷದ ಅವಕಾಶ ಇದೆ. ಕ್ವಿಂಟಲ್ ಲೆಕ್ಕಕ್ಕೆ ತಂದರೆ 141 ರೂಪಾಯಿ. ಈ 141 ನೆನಪಿಟ್ಟುಕೊಳ್ಳಿ, ಮುಂದಿನ ಎಲ್ಲವನ್ನೂ ಇದರ ಜೊತೆಗೇ ಹೋಲಿಸಬೇಕು.

ಅಂತರ 1,000ದಿಂದ 859ಕ್ಕೆ ಇಳಿದರೆ ನಿಮ್ಮ ಲಾಭ ಮುಗಿಯಿತು. ಅರೆಯುವ ಪ್ರಮಾಣ ಮಾತ್ರ ಇಳಿಯುವುದಾದರೆ 2,500ರಿಂದ ಸುಮಾರು 2,080 ಕ್ವಿಂಟಲ್‌ವರೆಗೆ ತಡೆಯಬಹುದು. ಯಂತ್ರದ ಖರ್ಚು ಶೇ. 10 ಹೆಚ್ಚಾದರೆ ಎನ್‌ಪಿವಿಯಲ್ಲಿ 4 ಲಕ್ಷ ಹೋಗುತ್ತದೆ. ಕರೆಂಟ್ ದರದ್ದು ನಿಜವಾಗಿಯೂ ಸಣ್ಣ ವಿಷಯ, ಶೇ. 10 ಏರಿಕೆಗೆ ಒಂದು ಲಕ್ಷದ ಆಸುಪಾಸು. ಇವೆಲ್ಲ ನಿಮ್ಮ ಆಡಿಟರ್ ಊಹಿಸಬಹುದಾದವು.

ರಿಪೋರ್ಟ್‌ನ ಸೆನ್ಸಿಟಿವಿಟಿ ಪುಟದಲ್ಲಿ ಇಲ್ಲದೇ ಇರುವುದು ಎಣ್ಣೆಯ ಇಳುವರಿ. 62 ಕೆಜಿ ಬರಬೇಕಾದಲ್ಲಿ 61 ಬಂದರೆ ಏನಾಗುತ್ತದೆ? ಎಣ್ಣೆಯಲ್ಲಿ 225 ರೂಪಾಯಿ ಹೋಯಿತು. ಆ ಒಂದು ಕೆಜಿ ಹಿಂಡಿಯಲ್ಲೇ ಉಳಿದಿದ್ದರೆ ಹಿಂಡಿಯ ತೂಕವಾಗಿ 30 ರೂಪಾಯಿ ವಾಪಸ್ ಬರುತ್ತದೆ. ನಿವ್ವಳ ನಷ್ಟ 195. ನಿಮ್ಮ ಅವಕಾಶ ಇದ್ದದ್ದು 141. ಅಂದರೆ ನೂರಕ್ಕೆ ಒಂದೇ ಒಂದು ಕೆಜಿ ಎಣ್ಣೆ ಕಡಿಮೆ ಬಂದರೆ 20 ಲಕ್ಷದ ಎನ್‌ಪಿವಿ ಪೂರ್ತಿ ಹೋಗಿ, ಮೈನಸ್ ಏಳೂವರೆ ಲಕ್ಷಕ್ಕೆ ಬಂದು ನಿಲ್ಲುತ್ತದೆ. ಇಳುವರಿ 61.3ರ ಹತ್ತಿರ ಬಂದಾಗಲೇ ನೀವು ಸೊನ್ನೆಯಲ್ಲಿರುತ್ತೀರಿ. ರಿಪೋರ್ಟ್ ಬರೆದವರು 62 ಅನ್ನೋ ಅಂಕಿಯನ್ನು ಬಹುಶಃ ಯಂತ್ರ ಮಾರುವವರ ಹಾಳೆಯಿಂದ ತೆಗೆದುಕೊಂಡಿರುತ್ತಾರೆ. ಅದು ಒಣಗಿದ ಒಳ್ಳೆಯ ಕೊಬ್ಬರಿ, ಹೊಸ ಯಂತ್ರ, ಪಳಗಿದ ಆಪರೇಟರ್ ಇದ್ದಾಗಿನ ಮಾತು.

ಎಲ್ಲದಕ್ಕೂ ಒಂದೇ ಶೇ. 10 ಹಾಕುವುದು ಯಾಕೆ ಸರಿಯಲ್ಲ ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ಇಳುವರಿ ಶೇ. 10 ಬೀಳುವುದು ಆಗದ ಮಾತು, ಆದರೆ ಒಂದು ಕೆಜಿ ಬೀಳುವುದು ವಾರದ ಮಾತು. ಪ್ರತಿಯೊಂದಕ್ಕೂ ಅದು ನಿಜವಾಗಿ ಎಷ್ಟು ಅಲ್ಲಾಡುತ್ತದೋ ಅಷ್ಟು ಮಾತ್ರ ಅಲ್ಲಾಡಿಸಬೇಕು. ಅದನ್ನು ತಿಳಿಯಲು ನಿಮ್ಮ ಸುತ್ತಲಿನ ಎರಡು ಮೂರು ಮಿಲ್‌ಗಳಲ್ಲಿ ಒಂದಿಡೀ ವರ್ಷದ ಪುಸ್ತಕ ನೋಡಬೇಕು. ಒಂದು ದಿನ ಅರೆದು ತೋರಿಸಿದ್ದನ್ನು ನಂಬಬೇಡಿ.

ಮಿಲ್ ಶುರುವಾದ ಮೇಲೆ ಇಳುವರಿ ಬಿದ್ದರೆ ಕಾರಣ ಹುಡುಕುವುದು ಕಷ್ಟವಿಲ್ಲ. ಎಣ್ಣೆ ಮತ್ತು ಹಿಂಡಿ ಎರಡನ್ನೂ ಸೇರಿಸಿ ತೂಗಿ. ನಿಮ್ಮ ಲೆಕ್ಕದಲ್ಲಿ ಕ್ವಿಂಟಲ್‌ಗೆ 97 ಕೆಜಿ ಬರಬೇಕು. 97 ಬಂದೂ ಎಣ್ಣೆ ಕಡಿಮೆ ಇದ್ದರೆ ತಪ್ಪು ಯಂತ್ರದ್ದು, ಎಣ್ಣೆ ಹಿಂಡಿಯಲ್ಲಿ ಉಳಿದಿದೆ. ಎಕ್ಸ್‌ಪೆಲ್ಲರ್‌ನ ಒಳಭಾಗ ಸವೆದಿರಬಹುದು, ಅಥವಾ ಬಿಗಿ ಸಾಲದಿರಬಹುದು. ಒಟ್ಟು ತೂಕವೇ 95ಕ್ಕೆ ಬಂದರೆ ನೀವು ಕೊಬ್ಬರಿಯ ಬೆಲೆಗೆ ನೀರು ಕೊಂಡಿದ್ದೀರಿ. ಎಣ್ಣೆಗೆ ಹೋಗುವ ಕೊಬ್ಬರಿಯಲ್ಲಿ ತೇವ ಶೇ. 6ರ ಆಸುಪಾಸು ಇರಬೇಕು. ತೇವದಿಂದ ಕಳೆದುಕೊಂಡ ಎಣ್ಣೆಗೆ ಹಿಂಡಿಯಲ್ಲೂ ಏನೂ ವಾಪಸ್ ಬರುವುದಿಲ್ಲ, ಪೂರಾ 225 ಹೋಗುತ್ತದೆ.

ಇನ್ನೊಂದು, ಮೆಲ್ಲಗೆ ಸೋರುವ ವಿಷಯ. ರಿಪೋರ್ಟ್‌ನಲ್ಲಿ ಸಂಬಳ, ರಿಪೇರಿಯ 8 ಲಕ್ಷ 10 ವರ್ಷವೂ 8 ಲಕ್ಷವಾಗಿಯೇ ಇದೆ. ಎರಡನೇ ವರ್ಷದಿಂದ ಅದು ವರ್ಷಕ್ಕೆ ಶೇ. 6 ಏರುತ್ತಾ ಹೋಗಿ, ನಿಮ್ಮ ಅಂತರ ಮಾತ್ರ 1,000ದಲ್ಲೇ ನಿಂತರೆ ಎನ್‌ಪಿವಿಯಿಂದ ಸುಮಾರು 11 ಲಕ್ಷ ಹೋಗುತ್ತದೆ. ಒಂದು ವರ್ಷದ ಶೇ. 10ರ ಪರೀಕ್ಷೆಯಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಇಲ್ಲಿಯವರೆಗೆ ಮಾಡಿದ್ದು ಸೆನ್ಸಿಟಿವಿಟಿ: ಒಂದನ್ನು ಬದಲಿಸಿ, ಉಳಿದದ್ದನ್ನು ಹಾಗೇ ಬಿಟ್ಟು ನೋಡುವುದು. ಯಾವುದರ ಮೇಲೆ ಕಣ್ಣಿಡಬೇಕು ಎಂದು ಅದು ಹೇಳುತ್ತದೆ. ಆದರೆ ಮಾರುಕಟ್ಟೆ ಒಂದೊಂದನ್ನೇ ಬದಲಿಸುವುದಿಲ್ಲ, ಅಲ್ವಾ? ಹಾಗಾಗಿ ಸಿನಾರಿಯೊ ಬೇಕು. ಒಂದು ಕಾರಣದಿಂದ ಶುರು ಮಾಡಿ, ಅದರ ಹಿಂದೆ ಏನೇನು ಬರುತ್ತದೆ ಎಂದು ಒಟ್ಟಿಗೆ ಲೆಕ್ಕ ಹಾಕುವುದು. ರಿಪೋರ್ಟ್‌ಗಳಲ್ಲಿ ಒಳ್ಳೆಯದು, ಸಾಧಾರಣ, ಕೆಟ್ಟದ್ದು ಎಂದು ಮೂರು ಕಾಲಂ ಹಾಕಿ ಎಲ್ಲದಕ್ಕೂ ಶೇ. 10 ಕೂಡಿಸಿ ಕಳೆಯುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಪ್ರತಿ ಕಾಲಂ ಹಿಂದೆ ನಡೆಯಬಹುದಾದ ಒಂದು ಕಥೆ ಇರಬೇಕು.

ನಿಮ್ಮೂರಿಗೆ ಅಂಥ ಕಥೆಯನ್ನು ಕಲ್ಪಿಸಿಕೊಳ್ಳಬೇಕಾಗಿಯೇ ಇಲ್ಲ. 2023ರಲ್ಲಿ ಉಂಡೆ ಕೊಬ್ಬರಿ ಬೆಂಬಲ ಬೆಲೆಗಿಂತ ಬಹಳ ಕೆಳಗೆ, ಕ್ವಿಂಟಲ್‌ಗೆ 8 ಸಾವಿರದ ಆಸುಪಾಸಿಗೆ ಬಂದಿತ್ತು. ಆಗಿನ ಬೆಂಬಲ ಬೆಲೆ 11,750. ಅದೇ ತಿಪಟೂರಿನಲ್ಲಿ 2025ರಲ್ಲಿ ಬೆಲೆ 20 ಸಾವಿರ ದಾಟಿ ಹೋಯಿತು. ಒಂದು ಎಚ್ಚರಿಕೆ: ತಿಪಟೂರಿನ ಉಂಡೆ ಕೊಬ್ಬರಿ ಹೆಚ್ಚಾಗಿ ತಿನ್ನಲು ಉತ್ತರ ಭಾರತಕ್ಕೆ ಹೋಗುವ ಮಾಲು. ಅದರ ದರವನ್ನೇ ನಿಮ್ಮ ಕಚ್ಚಾ ಮಾಲಿನ ದರ ಎಂದು ಹಿಡಿಯಬೇಡಿ. ನಿಮಗೆ ಬೇಕಾದದ್ದು ಎಣ್ಣೆಗೆ ಹೋಗುವ ಮಿಲ್ಲಿಂಗ್ ಕೊಬ್ಬರಿಯ ದರ. ಅದರ ದೊಡ್ಡ ಮಾರುಕಟ್ಟೆ ತಮಿಳುನಾಡಿನ ಕಾಂಗೇಯಂ. ಅಲ್ಲಿನ ಕೊಬ್ಬರಿ ದರ, ಎಣ್ಣೆ ದರ ಎರಡನ್ನೂ ಒಂದೇ ದಿನದ್ದಾಗಿ ಐದು ವರ್ಷಕ್ಕೆ ಬರೆದುಕೊಂಡರೆ ಅಂತರ ಎಷ್ಟು ಕುಣಿಯುತ್ತದೆ ಎಂದು ನಿಮಗೇ ಗೊತ್ತಾಗುತ್ತದೆ.

ಮೊದಲು ಬೆಲೆ ಕುಸಿಯುವ ಕಥೆ. ಕೊಬ್ಬರಿ 140ರಿಂದ 90ಕ್ಕೆ ಬಿತ್ತು ಎನ್ನಿ. ನಿಮ್ಮ ಗೋಡೌನ್‌ನಲ್ಲಿ ಹಳೆ ಬೆಲೆಯ 12 ಲಕ್ಷದ ಸರಕು ಇದ್ದರೆ ಸುಮಾರು 4 ಲಕ್ಷ ಒಂದೇ ಸಲ ಹೋಗುತ್ತದೆ. ಅಲ್ಲಿಗೆ ಮುಗಿಯಿತು. ಆಮೇಲೆ ಕಡಿಮೆ ದುಡ್ಡಿನಲ್ಲಿ ಸರಕು ಸಿಗುತ್ತದೆ, ಎಣ್ಣೆಯೂ ಚೆನ್ನಾಗಿ ಹೋಗುತ್ತದೆ. ತೋಟದವರಿಗೆ ಅದು ಕೆಟ್ಟ ಕಾಲ, ಮಿಲ್‌ಗೆ ಅಷ್ಟು ಕೆಟ್ಟದ್ದಲ್ಲ. ನಿಮಗೆ ತೋಟವೂ ಇದ್ದರೆ ಒಂದರ ನೋವನ್ನು ಇನ್ನೊಂದು ಸ್ವಲ್ಪ ಹೊರುತ್ತದೆ.

ಮಿಲ್‌ಗೆ ಕೆಟ್ಟದ್ದು ಬೆಲೆ ಏರುವ ಕಥೆ. ಬಹಳ ಜನ ಇದನ್ನು ತಲೆಕೆಳಗಾಗಿ ತಿಳಿದುಕೊಂಡಿರುತ್ತಾರೆ. ಕೊಬ್ಬರಿ 220 ಆಯಿತು ಎನ್ನಿ. ಅಂತರ ಅದೇ 1,000 ಉಳಿಯಬೇಕಾದರೆ ಎಣ್ಣೆಯನ್ನು 354ಕ್ಕೆ ಮಾರಬೇಕು. ಆ ಬೆಲೆಗೆ ಅಡುಗೆಗೆ ಬಳಸುವವರು ತಾಳೆ ಎಣ್ಣೆ, ಸೂರ್ಯಕಾಂತಿ ಕಡೆ ಹೋಗುತ್ತಾರೆ. ಆ ಎಣ್ಣೆಗಳ ಬೆಲೆ ದೆಹಲಿಯ ಆಮದು ಸುಂಕದ ಮೇಲೆ ನಿಂತಿದೆ. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಸುಂಕವನ್ನು ಸೊನ್ನೆಯಿಂದ ಶೇ. 20ಕ್ಕೆ ಏರಿಸಿದರು, 2025ರ ಮೇ ಕೊನೆಯಲ್ಲಿ ಶೇ. 10ಕ್ಕೆ ಇಳಿಸಿದರು. ಸುಂಕ ಇಳಿದಾಗ ನಿಮ್ಮ ಗಿರಾಕಿ ಇನ್ನೂ ಬೇಗ ಜಾರುತ್ತಾರೆ. ಹಾಗಾಗಿ ವರ್ಷಕ್ಕೆ 1,800 ಕ್ವಿಂಟಲ್ ಅಂತ ಹಿಡಿಯೋಣ. ದುಡಿಯುವ ಬಂಡವಾಳ ಕಡಿಮೆ ಸರಕಿಗೂ 22.6 ಲಕ್ಷ ಬೇಕು, ಏಕೆಂದರೆ ಪ್ರತಿ ಮೂಟೆಯ ಬೆಲೆ ಜಾಸ್ತಿಯಾಗಿದೆ. ಇಷ್ಟಕ್ಕೇ ವರ್ಷದ ಉಳಿಕೆ 13ರಿಂದ 7.1 ಲಕ್ಷಕ್ಕೆ ಬರುತ್ತದೆ.

ಇದರ ಹಿಂದೆಯೇ ಮೂರನೆಯದು ಬರುತ್ತದೆ. ಕೊಬ್ಬರಿಗೆ ಎಲ್ಲರೂ ಮುಗಿಬಿದ್ದಾಗ ಯಾರೂ ಪೂರ್ತಿ ಒಣಗಿಸಿ ಮಾರುವುದಿಲ್ಲ. ಅರೆ ಒಣಗಿದ ಮಾಲೂ ಬೆಲೆಗೆ ಹೋಗುತ್ತದೆ. ತೇವದಿಂದ ಇಳುವರಿ ಅರ್ಧ ಕೆಜಿ ಬಿತ್ತು ಎನ್ನಿ. ಎಣ್ಣೆ 225 ಇದ್ದಾಗ ಅರ್ಧ ಕೆಜಿಗೆ 112 ಹೋಗುತ್ತಿತ್ತು, 141ರ ಒಳಗೇ ಇತ್ತು. ಎಣ್ಣೆ 354 ಆದಾಗ ಅದೇ ಅರ್ಧ ಕೆಜಿಗೆ 177 ಹೋಗುತ್ತದೆ. ಒಂದು ಇನ್ನೊಂದನ್ನು ಹೀಗೆ ದೊಡ್ಡದು ಮಾಡುತ್ತದೆ. ಮೂರೂ ಸೇರಿದಾಗ ವರ್ಷದ ಉಳಿಕೆ 3.9 ಲಕ್ಷ.

ಈ ಪರಿಸ್ಥಿತಿ ಮೊದಲ ಮೂರು ವರ್ಷ ಇದ್ದು, ಆಮೇಲೆ ಎಲ್ಲ ಮಾಮೂಲಿಗೆ ಬಂದರೆ 10 ವರ್ಷದ ಎನ್‌ಪಿವಿ ಮೈನಸ್ 2.6 ಲಕ್ಷ. ಅದೇ ಕೆಟ್ಟ ಮೂರು ವರ್ಷ 6ನೇ ವರ್ಷದಿಂದ 8ರವರೆಗೆ ಬಂದರೆ ಪ್ಲಸ್ 7 ಲಕ್ಷ. ಕಷ್ಟ ಅಷ್ಟೇ, ಬಂದ ಸಮಯ ಬೇರೆ. ಮುಂದಿನ ರೂಪಾಯಿಗಿಂತ ಇಂದಿನ ರೂಪಾಯಿ ದೊಡ್ಡದು ಅನ್ನುವ ಕಾರಣಕ್ಕೆ ಈ ವ್ಯತ್ಯಾಸ.

ಮೈನಸ್ 2.6 ಲಕ್ಷ ಅಂದರೆ ಅಂಥ ದೊಡ್ಡದೇನಲ್ಲ ಎನ್ನಿಸಬಹುದು. ಯಾವ ಸಿನಾರಿಯೊಗೆ ಎಷ್ಟು ಸಾಧ್ಯತೆ ಎಂದು ಕೊಟ್ಟು ಸರಾಸರಿ ತೆಗೆಯುವವರೂ ಇದ್ದಾರೆ. ಸಾಧ್ಯತೆ ಎಷ್ಟು ಅನ್ನುವುದು ಕೊನೆಗೆ ಊಹೆಯೇ. ಅದಕ್ಕೆ ನಾನು ಪ್ರಶ್ನೆಯನ್ನು ತಿರುಗಿಸಿ ಕೇಳುತ್ತೇನೆ: ಕೆಟ್ಟದ್ದಕ್ಕೆ ಎಷ್ಟು ಸಾಧ್ಯತೆ ಇದ್ದರೆ ಸರಾಸರಿ ಸೊನ್ನೆ ಆಗುತ್ತದೆ? ಮಾಮೂಲಿ ಕಥೆ ಮತ್ತು ಈ ಕೆಟ್ಟ ಕಥೆ ಎರಡೇ ಇವೆ ಎಂದುಕೊಂಡರೆ, ನೂರಕ್ಕೆ 88. ಅಷ್ಟೊಂದು ಸಾಧ್ಯತೆ ಇದೆ ಎಂದು ನನಗೆ ಅನ್ನಿಸುವುದಿಲ್ಲ. ಬರೀ ಎನ್‌ಪಿವಿ ನೋಡಿದರೆ ಮಿಲ್ ಹಾಕಬಹುದು ಎಂದೇ ಉತ್ತರ.

ಆದರೆ ಎನ್‌ಪಿವಿ 10 ವರ್ಷವನ್ನು ಒಟ್ಟಿಗೆ ನೋಡುತ್ತದೆ, ಬ್ಯಾಂಕ್ ತಿಂಗಳು ತಿಂಗಳು ಕೇಳುತ್ತದೆ. 30 ಲಕ್ಷಕ್ಕೆ 5 ವರ್ಷದ ಕಂತು ತಿಂಗಳಿಗೆ ಸುಮಾರು 65,200, ವರ್ಷಕ್ಕೆ 7.8 ಲಕ್ಷ. ಮಾಮೂಲಿ ವರ್ಷದಲ್ಲಿ ಕಂತು ಕಟ್ಟಿ 5 ಲಕ್ಷ ಮನೆಗೆ ಬರುತ್ತದೆ. ಕೆಟ್ಟ ವರ್ಷದಲ್ಲಿ ಉಳಿಕೆಯೇ 3.9 ಲಕ್ಷ. ಕಂತಿಗೇ ವರ್ಷಕ್ಕೆ 3.9 ಲಕ್ಷ ಕಡಿಮೆ ಬೀಳುತ್ತದೆ. ಮೂರು ವರ್ಷಕ್ಕೆ 11.7 ಲಕ್ಷ, ಅದರ ಮೇಲೆ ಸರಕಿಗೆ ಬೇಕಾದ ಹೆಚ್ಚುವರಿ 2.6 ಲಕ್ಷ. ಒಟ್ಟು 14 ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಮನೆ ಖರ್ಚಿಗೆ ಒಂದು ರೂಪಾಯಿಯೂ ತೆಗೆಯದೆ ಇಷ್ಟು. ನಿಮ್ಮ ಯೋಜನೆಯ ನಿಜವಾದ ಅಪಾಯ ಇದು. ನಾಲ್ಕನೇ ವರ್ಷದಿಂದ ಚೆನ್ನಾಗಿ ನಡೆಯಬಹುದಾದ ಮಿಲ್ ಎರಡನೇ ವರ್ಷವೇ ಬ್ಯಾಂಕಿನ ಕೈಗೆ ಹೋಗಬಹುದು.

ಹಾಗಾಗಿ ಕೆಲವು ಷರತ್ತಿನ ಮೇಲೆ ಹಾಕಿ ಎನ್ನುತ್ತೇನೆ. ಸಾಲವನ್ನು 7 ವರ್ಷಕ್ಕೆ ಕೇಳಿ. ಆಗ ಕಂತು ವರ್ಷಕ್ಕೆ 6.2 ಲಕ್ಷದ ಹತ್ತಿರ ಬರುತ್ತದೆ, ಕೆಟ್ಟ ಮೂರು ವರ್ಷದ ಕೊರತೆ ಸರಕಿನ ಹಣವೂ ಸೇರಿ 14ರಿಂದ ಸುಮಾರು 9 ಲಕ್ಷಕ್ಕೆ ಇಳಿಯುತ್ತದೆ. ಒಟ್ಟು ಬಡ್ಡಿ ಜಾಸ್ತಿ ಹೋಗುತ್ತದೆ, ಪರವಾಗಿಲ್ಲ. ಆ 9 ಲಕ್ಷ ಎಲ್ಲಿಂದ ಬರುತ್ತದೆ ಎಂದು ಈಗಲೇ ಹೇಳಲು ಆಗಬೇಕು: ಠೇವಣಿ, ಬೇರೆ ಆದಾಯ, ಯಾವುದೇ ಆಗಲಿ. ಆಗದಿದ್ದರೆ ಯೋಜನೆಯನ್ನೇ ಚಿಕ್ಕದು ಮಾಡಿ. ಪ್ಯಾಕಿಂಗ್ ಯಂತ್ರವನ್ನು ಎರಡು ವರ್ಷ ಮುಂದೂಡಬಹುದು. ರೈತರು ತಂದ ಕೊಬ್ಬರಿಯನ್ನು ಕೂಲಿಗೆ ಅರೆದು ಕೊಡುವ ಕೆಲಸವನ್ನೂ ಇಟ್ಟುಕೊಳ್ಳಿ. ಅದರಲ್ಲಿ ಸರಕಿಗೆ ದುಡ್ಡು ಹಾಕಬೇಕಿಲ್ಲ, ಬೆಲೆ ಎಷ್ಟೇ ಏರಿದರೂ ಕೂಲಿ ಬರುತ್ತದೆ. ತೇವ ಅಳೆಯುವ ಮೀಟರ್ ಮಾತ್ರ ಮೊದಲ ದಿನವೇ ಬೇಕು, ಅಳೆಯದೆ ಒಂದು ಮೂಟೆಯನ್ನೂ ಇಳಿಸಿಕೊಳ್ಳಬೇಡಿ. ಮೇಲಿನ ಲೆಕ್ಕದಲ್ಲಿ ಅದಕ್ಕಿಂತ ಹೆಚ್ಚು ಕೊಡುವ ಖರ್ಚು ಇನ್ನೊಂದಿಲ್ಲ.

ಎಕ್ಸೆಲ್‌ನಲ್ಲಿ ನೀವೇ ಮಾಡಿ ನೋಡುವುದಾದರೆ, ಆರಂಭದ ಹೂಡಿಕೆಯನ್ನು NPV ಸೂತ್ರದ ಒಳಗೆ ಸೇರಿಸಬೇಡಿ. ಆ ಸೂತ್ರ ಮೊದಲ ಅಂಕಿಯನ್ನೇ ಒಂದು ವರ್ಷದ ನಂತರದ್ದು ಎಂದು ತಿಳಿಯುತ್ತದೆ. B10ರಲ್ಲಿ ಹೂಡಿಕೆ (ಮೈನಸ್ 60), C10ರಿಂದ L10ರವರೆಗೆ 10 ವರ್ಷದ ಉಳಿಕೆ, B2ರಲ್ಲಿ ದರ ಇದ್ದರೆ ಹೀಗೆ ಬರೆಯಿರಿ:

```
=B10+NPV(B2,C10:L10)
```

ಕೊನೆಯ ವರ್ಷಕ್ಕೆ ವಾಪಸ್ ಬರುವ 20 ಲಕ್ಷ ಸೇರಿಸುವುದನ್ನು ಮರೆಯಬೇಡಿ. ಇಳುವರಿ, ಬೆಲೆಗಳು, ಪ್ರಮಾಣ ಎಲ್ಲಕ್ಕೂ ಬೇರೆ ಬೇರೆ ಸೆಲ್ ಕೊಟ್ಟು, ಅಂತರ ಮತ್ತು ವರ್ಷದ ಉಳಿಕೆ ಅವುಗಳಿಂದಲೇ ಬರುವಂತೆ ಕಟ್ಟಿ. ಆಮೇಲೆ Data ಮೆನುವಿನ What-If Analysis ಒಳಗಿನ Goal Seek ಬಳಸಿದರೆ ಯಾವ ಇಳುವರಿಗೆ ಎನ್‌ಪಿವಿ ಸೊನ್ನೆ ಆಗುತ್ತದೆ ಎಂದು ತಾನೇ ಹುಡುಕಿಕೊಡುತ್ತದೆ. 10ನೇ ಸಾಲಿನ ಕೆಳಗಿನ ಸಾಲಿನಲ್ಲಿ ಪ್ರತಿ ವರ್ಷದ ಉಳಿಕೆಯಿಂದ ಕಂತು ಕಳೆದದ್ದನ್ನೂ ಹಾಕಿಕೊಳ್ಳಿ. ಬ್ಯಾಂಕ್ ಮ್ಯಾನೇಜರ್ ಜೊತೆ 7 ವರ್ಷಕ್ಕೆ ಮಾತಾಡುವಾಗ ತೋರಿಸಬೇಕಾದದ್ದು ಆ ಸಾಲನ್ನೇ.